ಗಡಿಯಂಚಿನ ಗೇಜ್: ಪಾಸ್ ಅನ್ನಬೇಕೋ, ಫೇಲ್ ಅನ್ನಬೇಕೋ?

"ಸರ್, ಒಂದೇ ಪ್ರೆಶರ್ ಗೇಜನ್ನು ಎರಡು ಲ್ಯಾಬಿಗೆ ಕಳಿಸಿದ್ವಿ. ಎರಡು ಕಡೆಯೂ ಎರರ್ +0.08 ಬಾರ್ ಅಂತಲೇ ಬಂದಿದೆ. ಒಬ್ಬರು ಪಾಸ್ ಅಂದರು, ಇನ್ನೊಬ್ಬರು ಪಾಸ್ ಅನ್ನೋಕ್ಕಾಗಲ್ಲ ಅಂದರು. ಯಾರದು ತಪ್ಪು?"

ಕ್ಯಾಲಿಬ್ರೇಶನ್ ಕೆಲಸದಲ್ಲಿರುವವರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಕೇಳಿದವರಿಗೆ ಸಮಾಧಾನ ಆಗೋದಿಲ್ಲ, ಯಾಕೆಂದರೆ ಇಬ್ಬರದೂ ತಪ್ಪಲ್ಲ. ಅಳತೆ ಒಂದೇ ಬಂದರೂ ತೀರ್ಪಿನ ನಿಯಮ ಬೇರೆಯಾದರೆ ತೀರ್ಪೂ ಬೇರೆಯಾಗುತ್ತದೆ. ಆ ನಿಯಮ ಯಾವುದಿರಬೇಕು ಅಂತ ಮೊದಲೇ ಯಾರೂ ಕೇಳಿರಲಿಲ್ಲ, ಅಷ್ಟೇ.

ನಿಯಮಗಳನ್ನು ಒಂದೊಂದಾಗಿ ತೂಗಿ ನೋಡೋಣ. ಉದಾಹರಣೆಗೆ ಇದೇ ಗೇಜನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. 0ರಿಂದ 10 ಬಾರ್‌ವರೆಗಿನ ಸಾಮಾನ್ಯ ಡಯಲ್ ಗೇಜ್, ದರ್ಜೆ 1.0. ಅಂದರೆ ಪೂರ್ತಿ ಸ್ಕೇಲಿನ 1%, ±0.10 ಬಾರ್ ಅದರ ಮಿತಿ. ಡಯಲ್ ಮೇಲೆ ಪ್ರತಿ 0.2 ಬಾರ್‌ಗೆ ಒಂದು ಗೆರೆ. ಅತಿ ಹೆಚ್ಚು ಎರರ್ ಬಂದಿರುವುದು 6 ಬಾರ್ ಹತ್ತಿರ, +0.08.

ಯಾವುದರ ಮೇಲೆ ತೂಗಬೇಕು?

ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ಕೆಟ್ಟ ಗೇಜ್ ಪಾಸಾಗಿ ಹೋದರೆ ಏನಾಗುತ್ತದೆ. ಬಾಯ್ಲರ್ ಪಕ್ಕದ ಗೇಜಿಗೂ ಗಾಳಿ ತುಂಬುವ ಲೈನಿನ ಗೇಜಿಗೂ ಉತ್ತರ ಒಂದೇ ಅಲ್ಲ. ಎರಡನೆಯದು, ಒಳ್ಳೆಯ ಗೇಜ್ ಫೇಲಾದರೆ ಎಷ್ಟು ನಷ್ಟ. ಹೊಸದು ಕೊಳ್ಳಬೇಕು, ಲೈನ್ ನಿಲ್ಲಿಸಬೇಕು, ಕಳೆದ ವರ್ಷ ಆ ಗೇಜಿನಿಂದ ನೋಡಿದ ಮಾಲನ್ನೆಲ್ಲ ಮತ್ತೆ ಪರಿಶೀಲಿಸಬೇಕು. ಈ ಮೂರನೆಯ ಖರ್ಚನ್ನು ಜನ ಮರೆತುಬಿಡುತ್ತಾರೆ.

ಮೂರನೆಯದು, ನಮ್ಮ ಪ್ರಶ್ನೆ ಯಾವ ಗೇಜಿನ ಬಗ್ಗೆ. ಮುಂದೆ ಕೂತಿರುವ ಇದೊಂದೇ ಗೇಜಿನ ಬಗ್ಗೆಯೋ, ಇಡೀ ವರ್ಷ ಬಂದು ಹೋಗುವ ನೂರಾರು ಗೇಜ್‌ಗಳ ಒಟ್ಟು ಬಗ್ಗೆಯೋ? ಜಾಸ್ತಿ ಗೊಂದಲ ಆಗುವುದು ಇಲ್ಲೇ, ಆಮೇಲೆ ಬರುತ್ತೇನೆ. ನಾಲ್ಕನೆಯದು, ನಮ್ಮ ಅಳತೆ ಎಷ್ಟು ಚೊಕ್ಕ. ಅದರಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಟಿಯುಆರ್: ಐದು ಅನ್ನುವವರ ಕೈಲಿ ಎರಡೇ ಇರುತ್ತದೆ

ಟಿಯುಆರ್ ಅಂದರೆ ಗೇಜಿನ ಮಿತಿಯನ್ನು ನಮ್ಮ ಅಳತೆಯ ಅನಿಶ್ಚಿತತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಅಮೆರಿಕದ ಝಡ್540.3 ಮಾನದಂಡ 2006ರಲ್ಲಿ ಇದಕ್ಕೆ ಖಚಿತ ಅರ್ಥ ಕೊಟ್ಟಿತು. ಮಿತಿಯ ಪೂರ್ತಿ ಅಗಲ ಮೇಲೆ, 95% ಅನಿಶ್ಚಿತತೆಯ ಎರಡರಷ್ಟು ಕೆಳಗೆ. ಮಿತಿ ಎರಡೂ ಕಡೆ ಸಮ ಇದ್ದರೆ ಸುಮ್ನೆ ಹೀಗೆ, L ಅಂದರೆ ಮಿತಿ, U ಅಂದರೆ ಅನಿಶ್ಚಿತತೆ:

```
TUR = L / U
L = 0.10 bar, U = 0.05 bar (k = 2)
TUR = 0.10 / 0.05 = 2
```

ಇಲ್ಲಿ ಒಂದು ಹಳೆಯ ಅಭ್ಯಾಸ ಕಾಲಿಗೆ ತೊಡರುತ್ತದೆ. ಲ್ಯಾಬಿನವರ ಡಿಜಿಟಲ್ ಮಾಸ್ಟರ್ ಗೇಜ್ 20 ಬಾರಿನದು, 0.1% ನಿಖರತೆಯದು. ಅಂದರೆ 0.02 ಬಾರ್. 0.10ನ್ನು 0.02ರಿಂದ ಭಾಗಿಸಿ "ನಮ್ಮಲ್ಲಿ 5:1 ಇದೆ, ಯೋಚನೆ ಬೇಡ" ಅನ್ನುತ್ತಾರೆ. ಅದು ಎರಡು ಉಪಕರಣಗಳ ನಿಖರತೆಯ ಅನುಪಾತ, ಟಿಎಆರ್ ಅಂತ ಅದಕ್ಕೆ ಬೇರೆ ಹೆಸರೇ ಇದೆ. ಟಿಯುಆರ್‌ನ ಕೆಳಗಡೆ ಇಡೀ ಅಳತೆಯ ಅನಿಶ್ಚಿತತೆ ಬರಬೇಕು. ಮಾಸ್ಟರ್ ಅದರಲ್ಲಿ ಒಂದು ಪಾಲು ಮಾತ್ರ.

ಈ ಗೇಜಿನ ಲೆಕ್ಕ ಬಿಡಿಸಿ ನೋಡಿ. ಮಾಸ್ಟರ್‌ನಿಂದ 0.010. ಮುಳ್ಳು ಎರಡು ಗೆರೆಗಳ ನಡುವೆ ನಿಂತಾಗ ಕಣ್ಣಂದಾಜಿನಲ್ಲಿ ಕಾಲು ಭಾಗದವರೆಗೆ, ಅಂದರೆ 0.05 ಬಾರ್‌ವರೆಗೆ ಓದುತ್ತೇವೆ. ಅದರಿಂದ 0.0144. ಒತ್ತಡ ಏರಿಸುವಾಗ ಒಂದು ರೀಡಿಂಗ್, ಇಳಿಸುವಾಗ ಇನ್ನೊಂದು, ಆ 0.04 ಬಾರ್ ವ್ಯತ್ಯಾಸದಿಂದ 0.0115. ಮತ್ತೆ ಮತ್ತೆ ಅಳೆದಾಗ ಬರುವ ಏರುಪೇರಿನಿಂದ 0.010. ಒಂದೊಂದನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ, ಅಂದರೆ ಮೇಲಿನ k ಯಿಂದ, ಗುಣಿಸಿದರೆ 0.047. ಪೂರ್ಣಾಂಕ ಮಾಡಿದರೆ 0.05.

ಅಂದರೆ ಅನಿಶ್ಚಿತತೆಯ ದೊಡ್ಡ ಪಾಲು ಬರುತ್ತಿರುವುದು ಮಾಸ್ಟರ್‌ನಿಂದ ಅಲ್ಲ, ಪರೀಕ್ಷೆಗೆ ಬಂದ ಗೇಜಿನಿಂದಲೇ. ಇದನ್ನು ನೆನಪಿನಲ್ಲಿಡಿ. ದುಡ್ಡು ಎಲ್ಲಿ ಹಾಕಬೇಕು ಅನ್ನುವಾಗ ಬೇಕಾಗುತ್ತದೆ.

ಇನ್ನೊಂದು ಮಾತು. ಲ್ಯಾಬಿನ ಮಾನ್ಯತಾ ಪಟ್ಟಿಯಲ್ಲಿ ಬರೆದಿರುವ ಅನಿಶ್ಚಿತತೆ ಅವರ ಅತ್ಯುತ್ತಮ ಸಾಮರ್ಥ್ಯ. ಅದು ಒಳ್ಳೆಯ ಉಪಕರಣ ಇಟ್ಟಾಗ ಬರುವ ಸಂಖ್ಯೆ. ನಿಮ್ಮ ಗೇಜಿನ ಟಿಯುಆರ್‌ಗೆ ಸರ್ಟಿಫಿಕೇಟಿನಲ್ಲಿ ಆ ಬಿಂದುವಿನ ಎದುರು ಬರೆದಿರುವ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಈಗ ನಮ್ಮ +0.08ಕ್ಕೆ ಅರ್ಥ ಬಂತು. ನಿಜವಾದ ಎರರ್ 95% ಸಾಧ್ಯತೆಯಲ್ಲಿ 0.03ರಿಂದ 0.13ರೊಳಗೆ ಎಲ್ಲೋ ಇದೆ. ಮಿತಿಯಾದ 0.10 ಈ ಹರವಿನೊಳಗೇ ಬಿದ್ದಿದೆ. ಗಡಿಯಂಚು ಅಂದರೆ ಇದೇ.

ಮೊದಲ ದಾರಿ: ನೇರ ಹೋಲಿಕೆ

0.08 ಅನ್ನುವುದು 0.10ಕ್ಕಿಂತ ಕಡಿಮೆ, ಹಾಗಾಗಿ ಪಾಸ್. ಗಾರ್ಡ್ ಬ್ಯಾಂಡ್, ಅಂದರೆ ಮಿತಿಯಿಂದ ಒಳಗೆ ಬಿಡುವ ಜಾಗ, ಇಲ್ಲಿ ಸೊನ್ನೆ. ಲೆಕ್ಕ ಸುಲಭ, ಗ್ರಾಹಕನಿಗೆ ಅರ್ಥ ಆಗುತ್ತದೆ, ತಕರಾರು ಕಡಿಮೆ. ಎಷ್ಟೋ ಕಡೆ ಇದೇ ನಡೆಯುತ್ತಿದೆ, ತಪ್ಪೂ ಅಲ್ಲ.

ಇದರ ಬೆಲೆ ಏನು? ರೀಡಿಂಗ್ ಸರಿಯಾಗಿ 0.10ರ ಮೇಲೆ ಬಂದರೆ ಆ ಗೇಜ್ ನಿಜಕ್ಕೂ ಮಿತಿ ದಾಟಿರುವ ಸಾಧ್ಯತೆ 50%. ನಾಣ್ಯ ಚಿಮ್ಮಿಸಿದ ಹಾಗೆ. ನಮ್ಮ 0.08ಕ್ಕೆ ಅದು 21%. ಮಿತಿಗೆ ಉಳಿದಿರುವುದು 0.02, ಎರಡರಿಂದ ಗುಣಿಸುವ ಮೊದಲಿನ ಅನಿಶ್ಚಿತತೆ 0.025, ಭಾಗಿಸಿದರೆ ಬರುವ 0.8ಕ್ಕೆ ಸಾಮಾನ್ಯ ವಿತರಣೆಯ ಕೋಷ್ಟಕ ನೋಡಿದರೆ ಸಿಗುವ ಉತ್ತರ ಅದು.

ಹಾಗಾಗಿ ನೇರ ಹೋಲಿಕೆ ಜೊತೆಗೆ ಟಿಯುಆರ್ ಮೇಲೊಂದು ಶರತ್ತು ಇದ್ದರೆ ಚೆನ್ನ. ಹಳೆಯ 4:1 ನಿಯಮ ಹುಟ್ಟಿದ್ದು ಹೀಗೆಯೇ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಗೆ ಕೆಲಸ ಮಾಡುತ್ತಿದ್ದ ಜೆರ್ರಿ ಹೇಯ್ಸ್ ತಪ್ಪು ತೀರ್ಪಿನ ಲೆಕ್ಕ ಹಾಕಿ ಒಂದು ಅನುಪಾತಕ್ಕೆ ಬಂದರು. ಪ್ರತಿ ಉಪಕರಣಕ್ಕೂ ಆ ಲೆಕ್ಕ ಹಾಕಲು ಆಗ ಕಂಪ್ಯೂಟರ್ ಇರಲಿಲ್ಲ. ಒಂದು ಸಂಖ್ಯೆ ಕೊಟ್ಟರೆ ಸಾವಿರಾರು ತಂತ್ರಜ್ಞರು ಬಳಸಬಹುದು. 4:1 ಇದ್ದಾಗ ಮಿತಿಯ ಆಚೀಚೆಯ ಅನುಮಾನದ ಪಟ್ಟಿ ತೆಳ್ಳಗಿರುತ್ತದೆ, ಅಲ್ಲಿ ಬಂದು ಬೀಳುವ ಗೇಜ್‌ಗಳೂ ಕಡಿಮೆ. 2:1ರಲ್ಲಿ ಆ ಪಟ್ಟಿ ದಪ್ಪ. ನಮ್ಮದು 2:1.

ಎರಡನೇ ದಾರಿ: ಪೂರ್ತಿ ಅನಿಶ್ಚಿತತೆಯಷ್ಟು ಒಳಗೆ ಸರಿಯುವುದು

ಗಾರ್ಡ್ ಬ್ಯಾಂಡ್ ಅಂದರೆ ಹೊಲದ ಬೇಲಿಯನ್ನು ಗಡಿಕಲ್ಲಿನ ಮೇಲೆ ಹಾಕದೆ ಒಂದಿಷ್ಟು ಒಳಗೆ ಹಾಕಿಕೊಂಡ ಹಾಗೆ. ಬೇಲಿಯ ಒಳಗಿದ್ದರೆ ಜಾಗ ನಮ್ಮದೇ ಅನ್ನುವುದರಲ್ಲಿ ಜಗಳ ಇಲ್ಲ. ಎಷ್ಟು ಒಳಗೆ? ಈ ದಾರಿಯಲ್ಲಿ ಪೂರ್ತಿ 0.05. ಹಾಗಾಗಿ ಪಾಸಿನ ಮಿತಿ 0.10 ಅಲ್ಲ, 0.05.

ಲ್ಯಾಬ್ ಮಾನ್ಯತೆಯ ಅಂತರರಾಷ್ಟ್ರೀಯ ಒಕ್ಕೂಟ ಐಲ್ಯಾಕ್‌ನ ಜಿ8 ಮಾರ್ಗದರ್ಶಿಯ 2019ರ ಆವೃತ್ತಿಯಲ್ಲಿ ಇದು ಸ್ಪಷ್ಟವಾಗಿದೆ. ಹೀಗೆ ಪಾಸಾದ ಗೇಜ್ ನಿಜಕ್ಕೂ ಮಿತಿ ದಾಟಿರುವ ಸಾಧ್ಯತೆ 2.5% ಮೀರುವುದಿಲ್ಲ. ಯಾವ ಗೇಜ್, ಅದರ ಹಿಂದಿನ ಚರಿತ್ರೆ ಏನು, ಯಾವುದೂ ಗೊತ್ತಿಲ್ಲದಿದ್ದರೂ ಈ ಮಾತು ನಿಲ್ಲುತ್ತದೆ. ಸ್ವಲ್ಪ ಸಡಿಲ ಬೇಕೆನ್ನುವವರಿಗೆ ಐಎಸ್‌ಒ 14253-1ರ ನಿಯಮ ಇದೆ. ಅದರಲ್ಲಿ ಅನಿಶ್ಚಿತತೆಯ 0.83 ಪಾಲು ಒಳಗೆ ಸರಿದರೆ ಸಾಕು, ಅಪಾಯ 5%. ನಮ್ಮ ಗೇಜಿಗೆ ಆಗ ಪಾಸಿನ ಮಿತಿ 0.058. ಎರಡರಲ್ಲೂ +0.08 ಪಾಸಾಗುವುದಿಲ್ಲ. ಪಾಸ್ ಅನ್ನೋಕ್ಕಾಗಲ್ಲ ಎಂದ ಲ್ಯಾಬು ಇದನ್ನೇ ಮಾಡಿರಬೇಕು.

ಹಾಗಾದರೆ ಎಲ್ಲರೂ ಇದನ್ನೇ ಹಿಡಿಯಬಹುದಲ್ವಾ? ಬೆಲೆ ನೋಡಿ. ಒಂದು ಕಾರ್ಖಾನೆಯ ಗೇಜ್‌ಗಳಲ್ಲಿ 95%ರಷ್ಟು ನಿಜಕ್ಕೂ ಮಿತಿಯೊಳಗಿವೆ ಅಂದುಕೊಳ್ಳಿ, ಎರರ್‌ಗಳು ಸೊನ್ನೆಯ ಸುತ್ತ ಸಾಮಾನ್ಯವಾಗಿ ಹರಡಿವೆ ಅಂತಲೂ. 2:1 ಅಳತೆಯಲ್ಲಿ ನೂರು ಗೇಜ್ ಪರೀಕ್ಷಿಸಿದರೆ ನೇರ ಹೋಲಿಕೆಯಲ್ಲಿ ಸುಮಾರು 7 ಫೇಲ್. ಪೂರ್ತಿ ಗಾರ್ಡ್ ಬ್ಯಾಂಡ್ ಹಾಕಿದರೆ ಸುಮಾರು 37! ನಿಜಕ್ಕೂ ಕೆಟ್ಟವು ನಾಲ್ಕೈದು ಮಾತ್ರ. ಉಳಿದ ಮೂವತ್ತಕ್ಕೂ ಹೆಚ್ಚು ಒಳ್ಳೆಯ ಗೇಜ್‌ಗಳು ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡು ಮೂಲೆ ಸೇರುತ್ತವೆ. ಪ್ರತಿಯೊಂದಕ್ಕೂ ಹಿಂದಿನ ಮಾಲಿನ ತನಿಖೆ ಬೇರೆ.

ಸುರಕ್ಷತೆಯ ಗೇಜ್‌ಗೆ ಈ ಬೆಲೆ ತೆರಬಹುದು. ಹೊಸ ಗೇಜ್ ಕೊಳ್ಳುವಾಗ ಮಾರುವವನು ತನ್ನ ಮಾಲು ಸರಿಯಿದೆ ಅಂತ ತೋರಿಸಬೇಕಾದಲ್ಲೂ ಇದು ನ್ಯಾಯವೇ. ಆದರೆ ಟಿಯುಆರ್ 1 ಆದರೆ ಪಾಸಿನ ಮಿತಿ ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಯಾವ ಗೇಜೂ ಪಾಸಾಗುವುದಿಲ್ಲ.

ಮೂರನೇ ದಾರಿ: ಟಿಯುಆರ್‌ಗೆ ತಕ್ಕಷ್ಟೇ ಸರಿಯುವುದು

ಝಡ್540.3 ಕೇಳುವುದು ಬೇರೆ ಪ್ರಶ್ನೆ. ಪರೀಕ್ಷೆಗೆ ಬಂದ ಎಲ್ಲ ಗೇಜ್‌ಗಳನ್ನು ಒಟ್ಟಿಗೆ ತೆಗೆದುಕೊಂಡರೆ, ಕೆಟ್ಟದ್ದಾಗಿದ್ದೂ ಪಾಸಾಗುವವು 2% ಮೀರಬಾರದು. ಇದನ್ನು ಸಾಧಿಸಲು ಆಗ ಅಳತೆ ಉಪಕರಣಗಳ ಕಂಪನಿ ಅಜಿಲೆಂಟ್‌ನಲ್ಲಿದ್ದ ಮೈಕೆಲ್ ಡಾಬರ್ಟ್ ಒಂದು ಸರಳ ಸೂತ್ರ ಕೊಟ್ಟರು. ಅದರ ಚೆಂದ ಏನೆಂದರೆ ಗೇಜ್‌ಗಳ ಹಿಂದಿನ ದಾಖಲೆ ಬೇಕಾಗಿಲ್ಲ, ಟಿಯುಆರ್ ಒಂದು ಗೊತ್ತಿದ್ದರೆ ಸಾಕು.

```
M = 1.04 - exp(0.38*ln(TUR) - 0.54)
A = L - M*U

TUR = 2:  M = 0.28
A = 0.10 - 0.28*0.05 = 0.086 bar
```

M ಅಂದರೆ ಅನಿಶ್ಚಿತತೆಯ ಎಷ್ಟು ಪಾಲು ಒಳಗೆ ಸರಿಯಬೇಕು ಅನ್ನುವುದು, A ಅಂದರೆ ಪಾಸಿನ ಮಿತಿ, ಇಲ್ಲಿ 0.086. ನಮ್ಮ +0.08 ಪಾಸ್. ಮೇಲಿನ ನೂರು ಗೇಜಿನ ಲೆಕ್ಕದಲ್ಲಿ ಫೇಲಾಗುವುದು ಸುಮಾರು 12. 37ರ ಮುಂದೆ 12 ಅಂದರೆ ಕಾರ್ಖಾನೆಯ ಮ್ಯಾನೇಜರ್ ಉಸಿರು ಬಿಡುತ್ತಾರೆ.

ಟಿಯುಆರ್ ಏರಿದಂತೆ M ಕರಗುತ್ತದೆ. 3:1ರಲ್ಲಿ 0.16, 4:1ರಲ್ಲಿ 0.05. ಸುಮಾರು 4.6 ದಾಟಿದ ಮೇಲೆ ಗಾರ್ಡ್ ಬ್ಯಾಂಡೇ ಬೇಡ. ಸೂತ್ರ ಋಣ ಸಂಖ್ಯೆ ಕೊಟ್ಟರೆ ಸೊನ್ನೆ ಅಂತ ಇಟ್ಟುಕೊಳ್ಳಿ, ಮಿತಿಯ ಹೊರಗೆ ಪಾಸ್ ಮಾಡಬೇಡಿ. ಇದಕ್ಕಿಂತ ಹಳೆಯ ಇನ್ನೊಂದು ವಿಧಾನ ಮಿತಿಯ ವರ್ಗದಿಂದ ಅನಿಶ್ಚಿತತೆಯ ವರ್ಗವನ್ನು ಕಳೆದು ಮೂಲ ತೆಗೆಯುತ್ತದೆ. 2:1ರಲ್ಲಿ ಅದೂ 0.087ರ ಹತ್ತಿರ ಬರುತ್ತದೆ, ಇಲ್ಲಿ ತೀರ್ಪು ಬದಲಾಗುವುದಿಲ್ಲ.

ಈಗ ಗಮನ ಇಟ್ಟು ನೋಡಬೇಕಾದ ಜಾಗ. ಮೊದಲ ದಾರಿಯಲ್ಲಿ ಇದೇ +0.08ಕ್ಕೆ 21% ಅಪಾಯ ಅಂದೆ. ಇಲ್ಲಿ ಅದನ್ನೇ ಪಾಸ್ ಮಾಡಿ ಒಟ್ಟು ಅಪಾಯ 2%ರೊಳಗೆ ಅನ್ನುತ್ತಿದ್ದೇನೆ. ಸುಳ್ಳು ಹೇಳುತ್ತಿದ್ದೇನಾ? ಇಲ್ಲ. 21% ಅನ್ನುವುದು ಈ ಒಂದು ರೀಡಿಂಗಿನ ಬಗ್ಗೆ, ಗೇಜಿನ ಚರಿತ್ರೆ ಏನೂ ಗೊತ್ತಿಲ್ಲ ಅಂತ ಕೂತಾಗ ಬರುವ ಸಂಖ್ಯೆ. 2% ಅನ್ನುವುದು ವರ್ಷವಿಡೀ ಬರುವ ಎಲ್ಲ ಗೇಜ್‌ಗಳ ಬಗ್ಗೆ. ಅವುಗಳಲ್ಲಿ ಬಹುಪಾಲು ಮಿತಿಯಿಂದ ಎಷ್ಟೋ ಒಳಗಿರುತ್ತವೆ, ಗಡಿಗೆ ಬಂದು ನಿಲ್ಲುವವೇ ಕೆಲವು.

ಚರಿತ್ರೆ ಗೊತ್ತಿದ್ದರೆ ಈ ಒಂದು ಗೇಜಿನ ಅಪಾಯವೂ ಇಳಿಯುತ್ತದೆ. ಮೇಲೆ ಹೇಳಿದ 95% ಒಳ್ಳೆಯ ಗೇಜ್‌ಗಳ ಕಾರ್ಖಾನೆಯಿಂದಲೇ ಇದು ಬಂದಿದ್ದರೆ, ಅಲ್ಲಿ ದೊಡ್ಡ ಎರರ್ ಅಪರೂಪ. ಹಾಗಾಗಿ 0.08ರಲ್ಲಿ ಒಂದಿಷ್ಟು ಭಾಗ ನಮ್ಮ ಅಳತೆಯ ತಪ್ಪೇ ಇರಬೇಕು. ಲೆಕ್ಕ ಹಾಕಿದರೆ ನಿಜವಾದ ಎರರ್‌ನ ಒಳ್ಳೆಯ ಅಂದಾಜು 0.064, ಮಿತಿ ದಾಟಿರುವ ಸಾಧ್ಯತೆ ಸುಮಾರು 5%. ರೀಡಿಂಗ್ ಬದಲಾಗಿಲ್ಲ, ಗೇಜೂ ಅದೇ. ನಮಗೆ ಗೊತ್ತಿರುವುದು ಜಾಸ್ತಿ ಆಯಿತು.

ಇದರ ಇನ್ನೊಂದು ಮುಖವೂ ಇದೆ. ಬಿದ್ದು ಪೆಟ್ಟಾದ ಗೇಜ್ ಅಂತ ಗೊತ್ತಿದ್ದು ಬಂದಿದ್ದರೆ ಆ ಚರಿತ್ರೆ ಅದಕ್ಕೆ ಸಲ್ಲುವುದಿಲ್ಲ. ಒಂದೇ ಒಂದು ಗೇಜ್, ಅದೂ ಪ್ರಾಣ ಕಾಯುವ ಜಾಗದ್ದು ಅಂದಾಗ "ಒಟ್ಟಾರೆ 2%" ಅನ್ನುವುದು ಸಮಾಧಾನದ ಮಾತಲ್ಲ. ಹತ್ತಾರು ಗೇಜ್ ಇರುವ ಕಾರ್ಖಾನೆಗೆ ಈ ದಾರಿ ಒಪ್ಪುತ್ತದೆ. ನನ್ನನ್ನು ಕೇಳಿದರೆ ಸಾಮಾನ್ಯ ಉತ್ಪಾದನಾ ಘಟಕಕ್ಕೆ ಇದನ್ನೇ ಹೇಳುತ್ತೇನೆ.

ನಾಲ್ಕನೇ ದಾರಿ: ನಾಲ್ಕು ತೀರ್ಪು

ಪಾಸ್, ಫೇಲ್ ಎರಡೇ ಯಾಕಿರಬೇಕು? ಜಿ8 ಇನ್ನೆರಡು ತೀರ್ಪುಗಳಿಗೂ ಜಾಗ ಕೊಡುತ್ತದೆ. ನಮ್ಮ ಗೇಜಿಗೆ 0.05ರವರೆಗೆ ಪಾಸ್, ಅಲ್ಲಿಂದ 0.10ರವರೆಗೆ ಷರತ್ತಿನ ಪಾಸ್, 0.10ರಿಂದ 0.15ರವರೆಗೆ ಷರತ್ತಿನ ಫೇಲ್, ಆಚೆಗೆ ಫೇಲ್. +0.08 ಷರತ್ತಿನ ಪಾಸ್.

ಇದು ಪ್ರಾಮಾಣಿಕ ಉತ್ತರ. ಆದರೆ ತೀರ್ಮಾನದ ಹೊರೆ ಲ್ಯಾಬಿನಿಂದ ಗ್ರಾಹಕನ ತಲೆಗೆ ಬರುತ್ತದೆ. ಆ ಹೊರೆ ಹೊರಬಲ್ಲ ಕ್ವಾಲಿಟಿ ಎಂಜಿನಿಯರ್ ಇದ್ದರೆ ಬಹಳ ಉಪಯೋಗ. ಇಲ್ಲದಿದ್ದರೆ ಆಡಿಟರ್ ಬಂದು "ಇದರ ಅರ್ಥ ಏನು, ನೀವೇನು ಮಾಡಿದಿರಿ?" ಅಂದಾಗ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಾಲ್ಕು ತೀರ್ಪಿನ ಸರ್ಟಿಫಿಕೇಟ್ ತರಿಸುವ ಮೊದಲು ನಡುವಿನ ಎರಡು ಬಂದರೆ ಏನು ಮಾಡುತ್ತೇವೆ ಅಂತ ಒಂದು ಸಾಲು ನಿಮ್ಮ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ.

ನಿಯಮ ಬಿಟ್ಟು ಅಳತೆಯನ್ನೇ ಬದಲಿಸಿದರೆ?

ಹೆಚ್ಚು ಜನ ಇಲ್ಲಿ ಎಡವುತ್ತಾರೆ. ಟಿಯುಆರ್ ಕಡಿಮೆ ಬಂತು, ಹಾಗಾಗಿ ದುಬಾರಿ ಮಾಸ್ಟರ್ ಕೊಳ್ಳೋಣ ಅನ್ನುತ್ತಾರೆ. ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ. ನಾಲ್ಕು ಪಟ್ಟು ಒಳ್ಳೆಯ ಮಾಸ್ಟರ್ ಹಾಕಿ 0.010ನ್ನು 0.0025 ಮಾಡಿದರೂ ಒಟ್ಟು ಅನಿಶ್ಚಿತತೆ 0.047ರಿಂದ 0.042ಕ್ಕೆ ಮಾತ್ರ ಇಳಿಯುತ್ತದೆ. ಟಿಯುಆರ್ 2.4. ಅಷ್ಟು ದುಡ್ಡಿಗೆ ಇಷ್ಟೇನಾ ಅನಿಸುತ್ತದೆ.

ಈಗ ದುಡ್ಡು ಖರ್ಚಿಲ್ಲದ ದಾರಿ. ಮಾಸ್ಟರನ್ನು 6.000ಕ್ಕೆ ತಂದು, ಎರಡು ಗೆರೆ ನಡುವೆ ನಿಂತ ಮುಳ್ಳನ್ನು ಅಂದಾಜಿನಲ್ಲಿ ಓದುವ ಬದಲು, ತಿರುಗಿಸಿ ಮಾಡಿ. ಪಂಪಿನ ಸೂಕ್ಷ್ಮ ತಿರುಪಿನಿಂದ ಮುಳ್ಳನ್ನು ಸರಿಯಾಗಿ 6ರ ಗೆರೆಯ ಮೇಲೆ ನಿಲ್ಲಿಸಿ. ಮೆಲ್ಲಗೆ ಬೆರಳಿಂದ ತಟ್ಟಿ. ಕಣ್ಣು ಮುಳ್ಳಿನ ನೇರಕ್ಕೆ ಇರಲಿ. ಆಮೇಲೆ ಡಿಜಿಟಲ್ ಮಾಸ್ಟರನ್ನು ಓದಿ. ಗೆರೆಯ ಮೇಲೆ ಮುಳ್ಳು ಕೂರಿಸುವುದು ನಡುವೆ ಅಂದಾಜು ಮಾಡುವುದಕ್ಕಿಂತ ಎಷ್ಟೋ ಚೊಕ್ಕ, 0.02 ಬಾರ್‌ವರೆಗೆ ಆರಾಮಾಗಿ ಆಗುತ್ತದೆ. 0.0144 ಇದ್ದ ಪಾಲು 0.0058ಕ್ಕೆ ಇಳಿಯಿತು. ಒಟ್ಟು ಅನಿಶ್ಚಿತತೆ 0.038, ಟಿಯುಆರ್ 2.6. ದುಬಾರಿ ಮಾಸ್ಟರಿಗಿಂತ ಜಾಸ್ತಿ ಲಾಭ, ಖರ್ಚು ಸ್ವಲ್ಪ ಸಮಯ ಮಾತ್ರ. ಎರಡೂ ಮಾಡಿದರೆ 3:1.

ಒಂದು ಎಚ್ಚರಿಕೆ. ಏರುವ ಸುತ್ತಿನಲ್ಲಿ ಗೆರೆಯನ್ನು ಕೆಳಗಿನಿಂದಲೇ ಮುಟ್ಟಬೇಕು. ಗೆರೆ ದಾಟಿ ಹೋಗಿ ವಾಪಸ್ ತಂದರೆ ಏರುವ ರೀಡಿಂಗಿನಲ್ಲಿ ಇಳಿಯುವ ರೀಡಿಂಗ್ ಕಲಸಿಹೋಗುತ್ತದೆ. ದಾಟಿದರೆ ಒತ್ತಡ ಚೆನ್ನಾಗಿ ಇಳಿಸಿ ಮತ್ತೆ ಮೇಲೆ ಬನ್ನಿ. ಏರುಪೇರಿನ ಪಾಲು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಏರುವಾಗ ಇಳಿಯುವಾಗಿನ ವ್ಯತ್ಯಾಸಕ್ಕೆ ಮಾತ್ರ ಲ್ಯಾಬಿನಲ್ಲಿ ಔಷಧ ಇಲ್ಲ. ಅದು ಗೇಜಿನ ಒಳಗಿನ ಬಾಗಿದ ಕೊಳವೆಯ ಮತ್ತು ಹಲ್ಲುಚಕ್ರಗಳ ಗುಣ. ಆ ಪಾಲೇ ದೊಡ್ಡದಾಗಿದ್ದರೆ ಆ ಗೇಜಿಗೆ 4:1 ಕನಸು.

ಹೀಗೆ ಮತ್ತೆ ಅಳೆದಾಗ +0.075 ಬಂತು ಅಂದುಕೊಳ್ಳಿ. ಪೂರ್ತಿ ಗಾರ್ಡ್ ಬ್ಯಾಂಡಿನಲ್ಲಿ ಪಾಸಿನ ಮಿತಿ ಈಗ 0.062, ಇನ್ನೂ ಪಾಸಲ್ಲ. ಡಾಬರ್ಟ್ ಸೂತ್ರದಲ್ಲಿ 0.092, ನಿರಾಳವಾಗಿ ಪಾಸ್. ಚರಿತ್ರೆ ಗೊತ್ತಿಲ್ಲ ಅಂದುಕೊಂಡರೂ ಈ ಗೇಜಿನ ಅಪಾಯ 21%ರಿಂದ 9%ರ ಹತ್ತಿರಕ್ಕೆ ಇಳಿಯಿತು. ಆದರೆ ವಿಧಾನ ಬದಲಿಸಿ ಒಮ್ಮೆ ಅಳೆಯುವುದು ಬೇರೆ, ಪಾಸ್ ಬರುವ ತನಕ ಅದೇ ವಿಧಾನದಲ್ಲಿ ಅಳೆದು ಅಳೆದು ಒಳ್ಳೆಯದನ್ನು ಆರಿಸಿಕೊಳ್ಳುವುದು ಬೇರೆ. ಎರಡನೆಯದು ಮೋಸ. ಮತ್ತೆ ಅಳೆದರೆ ಎಲ್ಲ ರೀಡಿಂಗೂ ದಾಖಲೆಯಲ್ಲಿ ಇರಲಿ.

ಗೇಜನ್ನು ಸರಿಮಾಡುವುದು, ಇಲ್ಲವೇ ದರ್ಜೆ ಇಳಿಸುವುದು

ಎಲ್ಲ ಬಿಂದುಗಳಲ್ಲೂ ಎರರ್ ಸುಮಾರು ಒಂದೇ ಇದ್ದರೆ, ಅಂದರೆ 2 ಬಾರ್‌ನಲ್ಲೂ +0.07, 8ರಲ್ಲೂ +0.07 ಅಂತ ಬಂದರೆ, ಮುಳ್ಳು ಕಿತ್ತು ಸರಿಯಾದ ಜಾಗಕ್ಕೆ ಕೂರಿಸಿದರೆ ಮುಗಿಯಿತು. ಎರರ್ ಒತ್ತಡದ ಜೊತೆ ಬೆಳೆಯುತ್ತಿದ್ದರೆ ಒಳಗಿನ ಲಿಂಕ್ ಸರಿಮಾಡಬೇಕು, ಅದು ಕೈ ಪಳಗಿದವರ ಕೆಲಸ. ಸರಿಮಾಡಿದ ಮೇಲೆ ಎಲ್ಲ ಬಿಂದುಗಳನ್ನೂ ಮತ್ತೆ ಅಳೆಯಬೇಕು. ±0.03ರೊಳಗೆ ಬಂದರೆ ಅತಿ ಕಟ್ಟುನಿಟ್ಟಿನ ನಿಯಮದಲ್ಲೂ ಪಾಸ್. ಹಾಗಾಗಿ ಅನುಭವ ಇರುವವರು ಗಾರ್ಡ್ ಬ್ಯಾಂಡನ್ನು ಫೇಲ್ ಗೆರೆ ಅನ್ನುವುದಕ್ಕಿಂತ ಸರಿಮಾಡುವ ಗೆರೆಯಾಗಿ ಬಳಸುತ್ತಾರೆ. ಬಂದಾಗಿನ ರೀಡಿಂಗ್ ಮಾತ್ರ ಸರ್ಟಿಫಿಕೇಟಿನಲ್ಲಿ ಇರಲೇಬೇಕು. ಕಳೆದ ವರ್ಷದ ಮಾಲು ಅಳೆದದ್ದು ಆ ಸ್ಥಿತಿಯ ಗೇಜು.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಅಗ್ಗ, ಆದರೂ ಕೇಳುವವರು ಕಡಿಮೆ: ಈ ಜಾಗಕ್ಕೆ 1.0 ದರ್ಜೆ ಬೇಕೇ ಬೇಕಾ? ಆ ಲೈನಿನಲ್ಲಿ ಒತ್ತಡ ±0.3 ಬಾರ್ ಆಚೀಚೆ ಆದರೂ ನಡೆಯುತ್ತದೆ ಅನ್ನುವುದಾದರೆ ಗೇಜನ್ನು 1.6 ದರ್ಜೆಯ ಮಿತಿಗೆ, ಅಂದರೆ ±0.16ಕ್ಕೆ ಪರೀಕ್ಷಿಸಿ ಅಂತ ಹೇಳಿ. ಹಳೆಯ ವಿಧಾನದಲ್ಲೇ ಟಿಯುಆರ್ 3.2 ಆಗುತ್ತದೆ. 0.08ಕ್ಕೆ ಪೂರ್ತಿ 0.05 ಸೇರಿಸಿದರೂ 0.13. ಯಾವ ನಿಯಮ ಹಾಕಿದರೂ ಪಾಸ್. ಗೇಜಿನ ಮೇಲೆ ಹೊಸ ಮಿತಿಯ ಸ್ಟಿಕ್ಕರ್ ಅಂಟಿಸಿ, ಉಪಕರಣಗಳ ಪಟ್ಟಿಯಲ್ಲೂ ತಿದ್ದಿ. ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಡಯಲ್ ನೋಡಿ ಮತ್ತೆ 1.0 ಅಂತ ಕಳಿಸುತ್ತಾರೆ.

ಹಾಗಾದರೆ ನಿಮ್ಮದು ಯಾವುದು?

ಬಾಯ್ಲರ್, ಆಮ್ಲಜನಕ, ಸುರಕ್ಷತಾ ವಾಲ್ವಿನ ಪರೀಕ್ಷೆ ಇಂಥ ಕಡೆಯ ಗೇಜ್ ಆಗಿದ್ದರೆ ಪೂರ್ತಿ ಗಾರ್ಡ್ ಬ್ಯಾಂಡ್ ಕೇಳಿ, ಜೊತೆಗೆ ಸರಿಮಾಡಿಸಿ. ಆ ಗೇಜ್‌ಗಳ ಸಂಖ್ಯೆ ಕಡಿಮೆ ಇರುತ್ತದೆ, ಬೆಲೆ ತಡೆದುಕೊಳ್ಳಬಹುದು. ಉತ್ಪಾದನಾ ಲೈನಿನ ಹತ್ತಾರು ಗೇಜ್‌ಗಳಿಗೆ ಟಿಯುಆರ್ ಆಧಾರದ 2% ನಿಯಮ. ಬರೀ ಒತ್ತಡ ಇದೆಯೋ ಇಲ್ಲವೋ ನೋಡುವ ಗೇಜ್‌ಗೆ ನೇರ ಹೋಲಿಕೆ ಸಾಕು, ದರ್ಜೆಯನ್ನೂ ಸಡಿಲಿಸಿ. ಲ್ಯಾಬ್ ನಡೆಸುವವರಾದರೆ ಹೊಸ ಮಾಸ್ಟರಿಗೆ ಕೊಟೇಶನ್ ತರಿಸುವ ಮೊದಲು ಅನಿಶ್ಚಿತತೆಯ ಪಟ್ಟಿಯಲ್ಲಿ ದೊಡ್ಡ ಪಾಲು ಯಾರದು ಅಂತ ನೋಡಿ.

ಯಾವುದೇ ಆರಿಸಿದರೂ ರೀಡಿಂಗ್ ನೋಡುವ ಮೊದಲೇ ಆರಿಸಬೇಕು. ಲ್ಯಾಬ್‌ಗಳ ಮಾನದಂಡವಾದ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿಯ 7.1.3ನೇ ಕಲಮು ಹೇಳುವುದು ಇದನ್ನೇ. ಗ್ರಾಹಕ ಪಾಸ್-ಫೇಲ್ ಕೇಳಿದರೆ ಮಿತಿಯೂ ತೀರ್ಪಿನ ನಿಯಮವೂ ಮೊದಲೇ ಸ್ಪಷ್ಟವಾಗಿರಬೇಕು. ಮಾನದಂಡದೊಳಗೇ ನಿಯಮ ಇಲ್ಲದಿದ್ದರೆ ಗ್ರಾಹಕನಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಮುಂದಿನ ಸಲ ಗೇಜ್ ಕಳಿಸುವಾಗ ಡೆಲಿವರಿ ಚಲನ್ ಜೊತೆ ಇಷ್ಟು ಬರೆದು ಕಳಿಸಿ: "ಮಿತಿ ±0.10 ಬಾರ್. ತೀರ್ಪು ಟಿಯುಆರ್ ಆಧಾರದ ಗಾರ್ಡ್ ಬ್ಯಾಂಡಿನಿಂದ, ಒಟ್ಟು ತಪ್ಪು ಪಾಸ್ 2% ಮೀರದಂತೆ. ಪಾಸಿನ ಮಿತಿ ದಾಟಿದರೆ ಬಂದಾಗಿನ ರೀಡಿಂಗ್ ದಾಖಲಿಸಿ, ಸರಿಮಾಡಿ, ಮತ್ತೆ ಅಳೆಯಿರಿ. ಪ್ರತಿ ಬಿಂದುವಿನ ಎದುರು ಅನಿಶ್ಚಿತತೆ ಬರೆಯಿರಿ."